ಗೀಟು ಎಳೆದ ಹೆಸರು

ವಿಮರ್ಶೆ ಎಂದೊಡನೆ ನಮ್ಮ ಮನಸ್ಸು ಕಾದಂಬರಿಗೋ ಕವನ ಸಂಕಲನಕ್ಕೋ ಓಡುತ್ತದೆ. ನಾನು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಒಂದೇ ಒಂದು ಹಾಳೆಯನ್ನು. ಅದು 1974ರ ಒಂದು ಜನನ ಪ್ರಮಾಣಪತ್ರ. ಆ ಹಾಳೆಗೆ ಮೂವರು ಮಾಡಿದ ಮೂರು ಇಂಗ್ಲಿಷ್ ಅನುವಾದಗಳು ನನ್ನ ಮೇಜಿನ ಮೇಲಿವೆ. ಮೂರನೆಯದು ನನ್ನದೇ. ನನ್ನದನ್ನೂ ನಾನು ಬಿಡುವುದಿಲ್ಲ, ಏಕೆಂದರೆ ಅದರಲ್ಲೂ ಮೊದಲ ಸಲ ಒಂದು ತಪ್ಪು ನುಸುಳುವುದರಲ್ಲಿತ್ತು.

ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ಮೇಲೆ ನಾನು ಮೈಸೂರಿನ ಸರಸ್ವತೀಪುರದ ಮನೆಯಲ್ಲೇ ಕುಳಿತು ಕಾಗದಪತ್ರಗಳ ಅನುವಾದ ಮಾಡಿಕೊಡುತ್ತೇನೆ. ಬರುವವರೆಲ್ಲ ಬಹುಪಾಲು ಹೆಂಗಸರು. ಮಗಳ ಬಾಣಂತನಕ್ಕೆ ಹೊರಟ ತಾಯಂದಿರು, ಮಗನ ಮನೆಯಲ್ಲಿ ಇದ್ದುಬಿಡಲು ಹೊರಟ ಅಜ್ಜಿಯರು, ಮದುವೆಯಾಗಿ ಪರದೇಶಕ್ಕೆ ಹೋಗುವ ಹುಡುಗಿಯರು. ಈಗ ಯಾರೂ ಕಾಗದವನ್ನು ಕೈಯಲ್ಲಿ ಹಿಡಿದು ಬರುವುದಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿ, "ಸಂಜೆಯೊಳಗೆ ಆಗುತ್ತಾ ಆಂಟಿ?" ಎನ್ನುತ್ತಾರೆ.

ಈ ಹಾಳೆ ಬಂದದ್ದೂ ಹಾಗೆಯೇ. ನಮ್ಮ ರಸ್ತೆಯ ಹಿರಿಯರೊಬ್ಬರ ಮಗಳು ಅಮೆರಿಕದ ಪ್ರಜೆ. ಒಂಟಿಯಾಗಿರುವ ತಾಯಿಯನ್ನು ತನ್ನ ಬಳಿಗೆ ಕಾಯಂ ಆಗಿ ಕರೆಸಿಕೊಳ್ಳಲು ಅರ್ಜಿ ಹಾಕಿದ್ದಳು. ಅಂಥ ಅರ್ಜಿಗೆ ಮಗಳ ಜನನ ಪ್ರಮಾಣಪತ್ರವೇ ಬೇರು. ಅದರಲ್ಲಿ ತಾಯಿಯ ಹೆಸರು ಇರುತ್ತದೆ, 'ಇವಳು ಇವಳ ಮಗಳು' ಎಂದು ಹೇಳುವ ಸಾಕ್ಷಿ ಅದೇ. ಇವರ ನಿಜವಾದ ಹೆಸರು ಇಲ್ಲಿ ಬೇಡ. ಜಯಲಕ್ಷ್ಮಿ ಎಂದಿಟ್ಟುಕೊಳ್ಳೋಣ. ನಾನು ಜಯಕ್ಕ ಎಂದೇ ಕರೆಯುತ್ತೇನೆ.

ಮೊದಲು ಆ ಹಾಳೆಯನ್ನು ನಿಮ್ಮ ಕಣ್ಣಿಗೆ ಕಟ್ಟಿಕೊಡಬೇಕು. ಅಚ್ಚು ಹಾಕಿದ ಕನ್ನಡ ನಮೂನೆ. ತಲೆಬರಹದಲ್ಲಿ 'ಮೈಸೂರು ಸರ್ಕಾರ' ಎಂದು ಅಚ್ಚಾಗಿದೆ. 'ಮೈಸೂರು' ಎಂಬುದರ ಮೇಲೆ ಶಾಯಿಯ ಗೀಟು, ಪಕ್ಕದಲ್ಲಿ ರಬ್ಬರ್ ಠಸ್ಸೆಯಲ್ಲಿ ಒತ್ತಿದ 'ಕರ್ನಾಟಕ'. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಬದಲಾಯಿತಲ್ಲ, ಹಳೆಯ ಫಾರಂಗಳನ್ನು ಬಿಸಾಡಲು ಮನಸ್ಸು ಬಾರದೆ ಹೀಗೆ ತಿದ್ದಿ ಮುಗಿಸಿದ್ದರು. ನನ್ನ ತಂದೆಯ ಪೆಟ್ಟಿಗೆಯಲ್ಲೂ ಅಂಥ ಕಾಗದಗಳಿದ್ದವು. ಕೆಳಗೆ ಅಚ್ಚಾದ ಕಲಮುಗಳು, ಅವುಗಳ ಮುಂದೆ ನೀಲಿಗಪ್ಪು ಶಾಯಿಯಲ್ಲಿ ತುಂಬಿದ ವಿವರಗಳು. ತಾಯಿಯ ಹೆಸರಿನ ಮುಂದೆ 'ಜಯಮ್ಮ' ಎಂದು ಬರೆದು, ಅದರ ಮೇಲೆ ಒಂದೇ ಗೀಟು ಎಳೆದು, ಮೇಲ್ಗಡೆ ಬೇರೆ ಕೈಯಲ್ಲಿ 'ಜಯಲಕ್ಷ್ಮಿ' ಎಂದು ಬರೆದಿದೆ. ಎಡ ಅಂಚಿನಲ್ಲಿ ಅಡ್ಡಲಾಗಿ 'ತಾಯಿಯ ಹೆಸರು ತಿದ್ದಿದೆ' ಎಂಬ ಷರಾ, ಚಿಕ್ಕ ಸಹಿ, ತಾರೀಖು. ಅದರ ಮೇಲೆ ನೇರಳೆ ಬಣ್ಣದ ಗುಂಡು ಮೊಹರು. ಹಾಳೆಯ ಬುಡದಲ್ಲಿ ಅಧಿಕಾರಿಯ ಪೂರ್ತಿ ಸಹಿ, ಅಲ್ಲೂ ಅದೇ ರೀತಿಯ ಇನ್ನೊಂದು ಗುಂಡು ಮೊಹರು. ಹಿಂಬದಿಯಲ್ಲಿ ಶಾಲೆಯೊಂದರ ಆಯತಾಕಾರದ ಠಸ್ಸೆ, 'ಪರಿಶೀಲಿಸಿದೆ' ಎಂದು, 1979ರ ಜೂನ್ ತಿಂಗಳದ್ದು.

ಮೊದಲ ಅನುವಾದ ಒಂದು ಟೈಪಿಂಗ್ ಅಂಗಡಿಯದು. ನೋಡಲು ಬಹಳ ಚೆನ್ನಾಗಿದೆ. ಮೇಲೆ 'ಕರ್ನಾಟಕ ಸರ್ಕಾರ', ತಾಯಿಯ ಹೆಸರು 'ಜಯಲಕ್ಷ್ಮಿ', ಕೊನೆಯಲ್ಲಿ 'ಸಹಿ ಮತ್ತು ಮೊಹರು ಇದೆ' ಎಂದು ಒಂದೇ ಮಾತು. ಒಂದು ಚಿತ್ತಿಲ್ಲ, ಒಂದು ಆವರಣ ಚಿಹ್ನೆಯಿಲ್ಲ. ಇದನ್ನು ಓದಿದವರಿಗೆ ಮೂಲವೂ ಇಷ್ಟೇ ಶುಭ್ರವಾಗಿರಬೇಕು ಅನ್ನಿಸುತ್ತದೆ. ತೊಂದರೆ ಇರುವುದು ಅಲ್ಲೇ. ಅನುವಾದದ ಜೊತೆಗೆ ಮೂಲದ ಪ್ರತಿಯನ್ನೂ ಲಗತ್ತಿಸಬೇಕಷ್ಟೆ. ಅದನ್ನು ನೋಡುವ ಅಧಿಕಾರಿಗೆ ಕನ್ನಡ ಬಾರದಿರಬಹುದು, ಕಣ್ಣಂತೂ ಇದೆ. ಒಂದು ಹೆಸರಿನ ಮೇಲೆ ಗೀಟು, ಅಂಚಿನಲ್ಲಿ ಬರಹ, ಎರಡು ಮೊಹರು ಅವನಿಗೆ ಕಾಣುತ್ತವೆ. ಅನುವಾದದಲ್ಲಿ ಇವುಗಳ ಸುದ್ದಿಯೇ ಇಲ್ಲ. ಅಮೆರಿಕದ ವಲಸೆ ನಿಯಮ ಕೇಳುವುದು ಪೂರ್ಣ ಅನುವಾದವನ್ನು. ಅನುವಾದಕರು ಕೊನೆಯಲ್ಲಿ, ಇದು ಪೂರ್ಣವಾಗಿದೆ ಮತ್ತು ನಿಖರವಾಗಿದೆ, ಮೂಲದ ಭಾಷೆಯಿಂದ ಇಂಗ್ಲಿಷಿಗೆ ಅನುವಾದಿಸುವ ಸಾಮರ್ಥ್ಯ ನನಗಿದೆ ಎಂದು ಬರೆದು ಸಹಿ ಹಾಕಬೇಕು. ಆ ಅಂಗಡಿಯವರು ಹಾಗೆಂದು ಸಹಿಯನ್ನೂ ಹಾಕಿದ್ದರು. ಪೂರ್ಣ ಅನುವಾದ ಕಳಿಸಿ ಎಂದು ಅಲ್ಲಿಂದ ಕಾಗದ ಬಂತು.

ಎರಡನೆಯ ಅನುವಾದ ಮಗಳ ಪರಿಚಯದವರೊಬ್ಬರು ಅಲ್ಲೇ ಕುಳಿತು ಮಾಡಿದ್ದು. ಇವರು ಏನನ್ನೂ ಬಿಡಲಿಲ್ಲ. ಬಿಡಬಾರದೆಂಬ ಭಯದಲ್ಲಿ ಎಲ್ಲವನ್ನೂ ಸಾಲಾಗಿ, ಕಣ್ಣಿಗೆ ಬಿದ್ದ ಹಾಗೆ ಬರೆದುಬಿಟ್ಟರು. ಆದ್ದರಿಂದ ತಲೆಬರಹ 'ಮೈಸೂರು ಕರ್ನಾಟಕ ಸರ್ಕಾರ' ಎಂದಾಯಿತು. ತಾಯಿಯ ಹೆಸರು 'ಜಯಲಕ್ಷ್ಮಿ ಜಯಮ್ಮ' ಎಂದಾಯಿತು. ಅಂಚಿನ ಷರಾ ಪಕ್ಕದ ಸಾಲಿಗೆ ಸೇರಿಕೊಂಡು, ತಂದೆಯ ಹೆಸರು, 'ತಿದ್ದಿದೆ', ರಿಜಿಸ್ಟ್ರಾರ್ ಎಲ್ಲವೂ ಒಂದೇ ವಾಕ್ಯದಲ್ಲಿ ಕುಳಿತವು. ಮೊದಲನೆಯವರು ಬಿಟ್ಟು ಕೆಡಿಸಿದರು, ಇವರು ಬೆರೆಸಿ ಕೆಡಿಸಿದರು. ನನಗೆ ಕೇಳಿದರೆ ಬೆರೆಸಿದ್ದೇ ಹೆಚ್ಚು ಅಪಾಯದ್ದು. ಬಿಟ್ಟದ್ದನ್ನು ಮೂಲದ ಜೊತೆ ಹೋಲಿಸಿದರೆ ಯಾರಾದರೂ ಹಿಡಿಯಬಹುದು. ಬೆರೆತದ್ದು ಮಾತ್ರ ಮೂಲದಲ್ಲೇ ಹಾಗಿತ್ತೇನೋ ಎಂಬ ನಂಬಿಕೆ ಹುಟ್ಟಿಸುತ್ತದೆ. ಜಯಕ್ಕ ಎಂದೂ 'ಜಯಲಕ್ಷ್ಮಿ ಜಯಮ್ಮ' ಆಗಿರಲಿಲ್ಲ. ಅಂಥ ಒಬ್ಬ ಹೆಂಗಸು ಆ ಅನುವಾದದಲ್ಲಿ ಮಾತ್ರ ಹುಟ್ಟಿದ್ದಳು.

ಈ ಇಬ್ಬರಿಗೂ ಕನ್ನಡ ಬರುತ್ತದೆ, ಇಂಗ್ಲಿಷೂ ಬರುತ್ತದೆ. ಹಾಗಾದರೆ ತಪ್ಪಿದ್ದೆಲ್ಲಿ? ಒಂದು ಹಾಳೆಯ ಮೇಲೆ ಒಂದೇ ಬರಹವಿರುತ್ತದೆ ಎಂದು ಇಬ್ಬರೂ ನಂಬಿದರು. ಇಂಥ ಕಾಗದದ ಮೇಲೆ ಮೂರು ಪದರಗಳಿರುತ್ತವೆ. ಮೊದಲನೆಯದು ಅಚ್ಚಾದದ್ದು. ಅದರ ಮೇಲೆ ಕೈಯಲ್ಲಿ ತುಂಬಿದ್ದು. ಕೈಬರಹವಾದರೂ ಇದು ತಿದ್ದುಪಡಿಯಲ್ಲ, ಕಾಗದದ ಒಡಲೇ ಇದು. ಮೂರನೆಯದು, ಕಾಗದ ಪೂರ್ತಿಯಾದ ಮೇಲೆ ಬೇರೆ ದಿನ, ಬೇರೆ ಕೈ, ಬೇರೆ ಕಾರಣಕ್ಕೆ ಅದರ ಮೇಲೆ ಬಂದದ್ದು. ಗೀಟು, ಷರಾ, ಠಸ್ಸೆ, ಹಿಂಬರಹ ಎಲ್ಲವೂ ಇದರಲ್ಲಿ ಸೇರುತ್ತವೆ. ಮೊದಲೆರಡು ಪದರಗಳನ್ನು ಒಟ್ಟಿಗೆ ಅನುವಾದಿಸಬಹುದು. ಮೂರನೆಯದನ್ನು ಮಾತ್ರ ಬೇರೆಯಾಗಿ, ಇದು ಬೇರೆ ಎಂದು ಗುರುತು ಹಾಕಿಯೇ ಕೊಡಬೇಕು. ಏಕೆಂದರೆ ಅಲ್ಲಿ ಮಾತನಾಡುತ್ತಿರುವವರು ಬೇರೆಯವರು.

ಇದು ನನ್ನ ಸ್ವಂತ ಬುದ್ಧಿಯೇನಲ್ಲ. ನಮ್ಮ ಊರಿನಲ್ಲೇ ಈ ಶಿಸ್ತು ನೂರು ವರ್ಷಕ್ಕೂ ಹಿಂದಿನಿಂದ ಇದೆ. ಮೈಸೂರು ಸೀಮೆಯ ಶಾಸನಗಳನ್ನು ಸಂಪುಟ ಸಂಪುಟವಾಗಿ ಹೊರತಂದವರ ಊರು ಇದು, ಪುರಾತತ್ವ ಸರ್ವೇಕ್ಷಣ ಇಲಾಖೆಯ ಶಾಸನ ವಿಭಾಗ ಇರುವುದೂ ಇಲ್ಲೇ. ತಾಮ್ರಶಾಸನವೊಂದು ಸಿಕ್ಕರೆ ಶಾಸನತಜ್ಞರು ಹೇಗೆ ಬರೆಯುತ್ತಾರೆ ನೋಡಿ. ತಗಡುಗಳು ಎಷ್ಟು, ಅವನ್ನು ಪೋಣಿಸಿದ ಬಳೆ ಹೇಗಿದೆ, ಬಳೆಗೆ ಬೆಸೆದ ಮುದ್ರೆಯಲ್ಲಿ ಏನಿದೆ ಎಂದು ಬೇರೆಯಾಗಿ ಹೇಳುತ್ತಾರೆ. ಗಂಗರದಾದರೆ ಆನೆ, ಚಾಲುಕ್ಯರದಾದರೆ ವರಾಹ. ಆಮೇಲೆ ಪಾಠವನ್ನು ಸಾಲಿನ ಸಂಖ್ಯೆ ಹಾಕಿ ಕೊಡುತ್ತಾರೆ. ಸವೆದ ಅಕ್ಷರಕ್ಕೆ ಆವರಣ ಹಾಕುತ್ತಾರೆ, ತಮ್ಮ ತಿದ್ದುಪಡಿಯನ್ನು ಪಾಠದೊಳಗೆ ಗುಟ್ಟಾಗಿ ಸೇರಿಸುವುದಿಲ್ಲ. ವಿಜಯನಗರದ ಎಷ್ಟೋ ತಾಮ್ರಪಟಗಳಲ್ಲಿ ಪಾಠವೆಲ್ಲ ಸಂಸ್ಕೃತ, ಲಿಪಿ ನಂದಿನಾಗರಿ, ಕೊನೆಯಲ್ಲಿ ಮಾತ್ರ ದೊಡ್ಡ ಕನ್ನಡ ಅಕ್ಷರಗಳಲ್ಲಿ 'ಶ್ರೀ ವಿರೂಪಾಕ್ಷ' ಎಂದಿರುತ್ತದೆ. ಅದು ರಾಜನ ಅಂಕಿತ. ಅದನ್ನು ಕೊನೆಯ ಶ್ಲೋಕದ ಬಾಲಕ್ಕೆ ಯಾರೂ ಅಂಟಿಸುವುದಿಲ್ಲ. ಇಲ್ಲಿ ಲಿಪಿ ಬದಲಾಗಿದೆ, ಇದು ಅಂಕಿತ ಎಂದು ಹೇಳುತ್ತಾರೆ. ರಾಜನ ಅಂಕಿತಕ್ಕೆ ಸಲ್ಲುವ ಮರ್ಯಾದೆ ರಿಜಿಸ್ಟ್ರಾರರ ಚಿಕ್ಕ ಸಹಿಗೂ ಸಲ್ಲಬೇಕು.

ಕಾನೂನು ಕೂಡ ಇದೇ ಮನಸ್ಸಿನದು. 1969ರ ಜನನ ಮರಣ ನೋಂದಣಿ ಕಾಯಿದೆಯ 15ನೆಯ ಕಲಮನ್ನು ಓದಿ. ರಿಜಿಸ್ಟರಿನಲ್ಲಿ ತಪ್ಪಾಗಿದೆ ಎಂದು ರುಜುವಾತಾದರೆ ನೋಂದಣಾಧಿಕಾರಿ ಅದನ್ನು ಅಂಚಿನಲ್ಲಿ ಬರೆದು ಸರಿಪಡಿಸಬೇಕು, ಮೊದಲಿನ ನಮೂದನ್ನು ಬದಲಿಸಬಾರದು, ಅಂಚಿನ ಬರಹಕ್ಕೆ ಸಹಿ ಮಾಡಿ ತಾರೀಖು ಹಾಕಬೇಕು. ಮನೆ, ಸೈಟುಗಳ ಪತ್ರಗಳಿಗೂ ಇಂಥದೇ ಕಟ್ಟುಪಾಡು. 1908ರ ನೋಂದಣಿ ಕಾಯಿದೆಯ 20ನೆಯ ಕಲಮಿನ ಪ್ರಕಾರ, ಸಾಲುಗಳ ನಡುವೆ ಸೇರಿಸಿದ್ದು, ಖಾಲಿ ಬಿಟ್ಟದ್ದು, ಅಳಿಸಿದ್ದು, ತಿದ್ದಿದ್ದು ಇದ್ದರೆ ಪತ್ರ ಬರೆದುಕೊಟ್ಟವರು ಅದರ ಪಕ್ಕದಲ್ಲಿ ಸಹಿ ಹಾಕಿ ಒಪ್ಪಬೇಕು, ಇಲ್ಲವಾದರೆ ಅಧಿಕಾರಿ ಪತ್ರವನ್ನು ಸ್ವೀಕರಿಸದೆ ಇರಬಹುದು. ನೋಂದಾಯಿಸಿದರೆ ಆ ತಿದ್ದುಪಡಿಗಳನ್ನು ತನ್ನ ಪುಸ್ತಕದಲ್ಲಿ ಗುರುತಿಸಿಡಬೇಕು. ಎಂದರೆ ತಪ್ಪೂ ಉಳಿಯಬೇಕು, ತಿದ್ದಿದ್ದೂ ಉಳಿಯಬೇಕು, ತಿದ್ದಿದವರು ಯಾರು, ಎಂದು ತಿದ್ದಿದರು ಎಂಬುದೂ ಉಳಿಯಬೇಕು. ನಮ್ಮ ಹಾಳೆಯ ಗುಮಾಸ್ತರು ಪ್ರಮಾಣಪತ್ರದಲ್ಲಿ ಹೆಸರಿನ ಮೇಲೇ ಗೀಟು ಎಳೆದದ್ದು ಈ ಕಲಮಿನ ಮಾತಿಗಿಂತ ಒಂದು ಹೆಜ್ಜೆ ಮುಂದೆ ಹೋದಂತೆ ಕಾಣುತ್ತದೆ. ಆದರೆ ಪುಣ್ಯಾತ್ಮರು ಒಂದೇ ಗೀಟು ಎಳೆದರು, ಕೆಳಗಿನ ಹೆಸರು ಓದಲು ಬರುತ್ತದೆ. ಕಾಯಿದೆಯೇ ಉಳಿಸಿಕೊಂಡದ್ದನ್ನು ಅನುವಾದಕರು ಅಳಿಸುವುದು ಯಾವ ನ್ಯಾಯ?

ಇನ್ನು ನನ್ನ ಅನುವಾದಕ್ಕೆ ಬರುತ್ತೇನೆ. ನಾನು ಮೊದಲು ಮಾಡುವ ಕೆಲಸ ಫೋಟೋವನ್ನು ಹಿಂದಕ್ಕೆ ಕಳಿಸುವುದು. ಜಯಕ್ಕನ ಮಗಳು ಕಳಿಸಿದ್ದರಲ್ಲಿ ಎಡ ಅಂಚು ಅರ್ಧ ಕತ್ತರಿಸಿಹೋಗಿತ್ತು, ಹಿಂಬದಿ ಇರಲೇ ಇಲ್ಲ. ಪ್ಲಾಸ್ಟಿಕ್ ಹೊದಿಸಿದ ಹಾಳೆಯ ಮೇಲೆ ಫ್ಲಾಶಿನ ಬೆಳಕು ಬಿದ್ದು ನಡುವೆ ಬಿಳಿಯ ಮಚ್ಚೆಯಾಗಿತ್ತು. ನಾಲ್ಕು ಅಂಚೂ ಕಾಣಬೇಕು, ಬೆನ್ನಿನ ಫೋಟೋ ಬೇಕು, ಫ್ಲಾಶ್ ಬೇಡ, ಕಿಟಕಿಯ ಬಳಿ ಹಗಲು ಬೆಳಕಿನಲ್ಲಿ ತೆಗೆಯಿರಿ ಎಂದು ಹೇಳಿದೆ. ಇನ್ನೊಂದು ಫೋಟೋವನ್ನು ಬೆಳಕು ಪಕ್ಕದಿಂದ ಓರೆಯಾಗಿ ಬೀಳುವಂತೆ ತೆಗೆಯಬೇಕು. ಶಾಯಿಯಿಲ್ಲದೆ ಕಾಗದವನ್ನೇ ಉಬ್ಬಿಸುವ ಒತ್ತು ಮೊಹರು ಇದ್ದರೆ ನೇರ ಬೆಳಕಿನಲ್ಲಿ ಅದು ಕಾಣುವುದೇ ಇಲ್ಲ. ಓರೆ ಬೆಳಕಿನಲ್ಲಿ ನೆರಳು ಬಿದ್ದು ಎದ್ದು ಕಾಣುತ್ತದೆ. ಬೆನ್ನಿನ ಫೋಟೋ ಬಂದಾಗ ಒಂದು ಒಗಟೂ ಬಿಡಿಸಿತು. ಮುಂಬದಿಯಲ್ಲಿ ಕಲಮುಗಳ ನಡುವೆ ಮಸುಕಾಗಿ ಏನೋ ಉಲ್ಟಾ ಅಕ್ಷರಗಳು ಕಾಣುತ್ತಿದ್ದವು. ಅದು ಹಿಂದಿನ ಶಾಲೆಯ ಠಸ್ಸೆ, ತೆಳು ಕಾಗದದಿಂದ ಇತ್ತ ಇಣುಕಿತ್ತು. ಬೆನ್ನು ನೋಡದಿದ್ದರೆ ಮೂರನೆಯ ಮೊಹರೊಂದನ್ನು ನಾನೇ ಮುಂಬದಿಗೆ ಸೃಷ್ಟಿಸಿಬಿಡುತ್ತಿದ್ದೆ.

ಆಮೇಲೆ ಅನುವಾದ. ಅಚ್ಚಾದದ್ದನ್ನೂ ತುಂಬಿದ್ದನ್ನೂ ನಮೂನೆ ಇದ್ದ ಹಾಗೇ ಇಂಗ್ಲಿಷಿಗೆ ತಂದೆ. ತಾಯಿಯ ಹೆಸರಿನ ಜಾಗದಲ್ಲಿ ಜಯಮ್ಮ ಎಂದು ಬರೆದು ಅದರ ಮೇಲೆ ಗೀಟು ಹಾಕಿ, ಮುಂದೆ ಜಯಲಕ್ಷ್ಮಿ ಎಂದು ಬರೆದು, ಪಕ್ಕದಲ್ಲಿ ಒಂದು ಸಂಖ್ಯೆ ಇಟ್ಟೆ. ಹಾಗೆ ಎಲ್ಲೆಲ್ಲಿ ಮೂರನೆಯ ಪದರ ಬಂದಿದೆಯೋ ಅಲ್ಲೆಲ್ಲ ಸಂಖ್ಯೆ. ಅನುವಾದ ಮುಗಿದ ಮೇಲೆ ಒಂದು ಅಡ್ಡಗೆರೆ ಎಳೆದು, 'ಅನುವಾದಕರ ಷರಾಗಳು' ಎಂದು ಬರೆದು, ಚೌಕ ಆವರಣದೊಳಗೆ ಒಂದೊಂದಾಗಿ ಕೊಟ್ಟೆ. ಪ್ರತಿಯೊಂದು ಷರಾದಲ್ಲೂ ನಾಲ್ಕು ಮಾತು ಇರಬೇಕು: ಅದು ಏನು, ಎಲ್ಲಿದೆ, ಏನು ಹೇಳುತ್ತದೆ, ಅದರಲ್ಲಿ ಓದಲಾಗದ್ದು ಯಾವುದು. ಇಂಗ್ಲಿಷಿನಲ್ಲಿ ಬರೆದದ್ದನ್ನು ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ.

[1. ತಲೆಬರಹ: ಅಚ್ಚಾದ 'ಮೈಸೂರು' ಎಂಬ ಪದಕ್ಕೆ ಶಾಯಿಯ ಗೀಟು, ಪಕ್ಕದಲ್ಲಿ ರಬ್ಬರ್ ಠಸ್ಸೆಯಲ್ಲಿ 'ಕರ್ನಾಟಕ'. ಸಹಿ, ತಾರೀಖು ಇಲ್ಲ.]

[2. ತಾಯಿಯ ಹೆಸರು: ಕೈಬರಹದ 'ಜಯಮ್ಮ' ಎಂಬುದಕ್ಕೆ ಒಂದೇ ಗೀಟು, ಪದ ಓದಲು ಬರುತ್ತದೆ, ಮೇಲ್ಗಡೆ ಬೇರೆ ಕೈಬರಹದಲ್ಲಿ 'ಜಯಲಕ್ಷ್ಮಿ'. ಷರಾ 3 ನೋಡಿ.]

[3. ಎಡ ಅಂಚು, ಅಡ್ಡಲಾಗಿ, ಕೈಬರಹ: 'ತಾಯಿಯ ಹೆಸರು ತಿದ್ದಿದೆ'. ಚಿಕ್ಕ ಸಹಿ, ಹೆಸರು ಓದಲಾಗದು. ತಾರೀಖು 21-5-197–, ಕೊನೆಯ ಅಂಕಿಯ ಮೇಲೆ ಮೊಹರು ಬಿದ್ದಿದೆ, 6 ಅಥವಾ 9.]

[4. ಷರಾ 3ರ ಮೇಲೆ ನೇರಳೆ ಬಣ್ಣದ ಗುಂಡು ಮೊಹರು. ಹೊರಬಳೆಯಲ್ಲಿ ಕಚೇರಿಯ ಹೆಸರು, ಕೆಳಗಿನ ಕಾಲುಭಾಗ ಮೂಡಿಲ್ಲ.]

[5. ಬುಡದಲ್ಲಿ, ಅಧಿಕಾರಿಯ ಸಹಿಯ ಮೇಲೆ, ಅದೇ ರೀತಿಯ ಇನ್ನೊಂದು ಗುಂಡು ಮೊಹರು, ಪೂರ್ತಿ ಮೂಡಿದೆ.]

[6. ಹಿಂಬದಿ: ಶಾಲೆಯ ಆಯತಾಕಾರದ ಠಸ್ಸೆ, 'ಪರಿಶೀಲಿಸಿದೆ', ಜೂನ್ 1979, ಚಿಕ್ಕ ಸಹಿ ಓದಲಾಗದು.]

ಮೊದಲ ಅನುವಾದದ 'ಸಹಿ ಮತ್ತು ಮೊಹರು ಇದೆ' ಎಂಬ ಮಾತನ್ನು ಈಗ ಮತ್ತೆ ಓದಿ. ನಾಲ್ಕನೆಯ ಮತ್ತು ಐದನೆಯ ಷರಾಗಳು ಅದರಲ್ಲಿ ಒಂದಾಗಿಬಿಟ್ಟಿವೆ. ಎರಡು ಮೊಹರು ಎಂದರೆ ಒಂದೇ ಕೆಲಸವನ್ನು ಎರಡು ಸಲ ಮಾಡಿದ್ದಲ್ಲ. ಬುಡದ್ದು ಪ್ರಮಾಣಪತ್ರವನ್ನು ಕೊಟ್ಟ ದಿನದ್ದು. ಅಂಚಿನದ್ದು ತಿದ್ದಿದ ದಿನದ್ದು, ಈ ತಿದ್ದುಪಡಿ ಕಚೇರಿಯದೇ, ಮನೆಯಲ್ಲಿ ಯಾರೋ ಗೀಚಿದ್ದಲ್ಲ ಎಂದು ಹೇಳುವುದು ಅದೊಂದೇ. ಅದು ಅನುವಾದದಲ್ಲಿ ಕಾಣದೆ ಹೋದರೆ, ಗೀಟು ಎಳೆದ ಹೆಸರು ಅನುಮಾನದ ಹೆಸರಾಗುತ್ತದೆ.

ನನ್ನ ತಪ್ಪು ನುಸುಳುವುದರಲ್ಲಿದ್ದದ್ದು ಮೂರನೆಯ ಷರಾದಲ್ಲಿ. ಅವಸರದ ಕೈಬರಹದಲ್ಲಿ ಕನ್ನಡದ ೬ ಮತ್ತು ೯ ಅಕ್ಕತಂಗಿಯರ ಹಾಗೆ. ಮೊಹರಿನ ಬಳೆ ಸರಿಯಾಗಿ ಆ ಅಂಕಿಯ ಮೇಲೆ ಕುಳಿತಿತ್ತು. ನಾನು ಜಾಣತನ ಮಾಡಿದೆ. ಹಿಂಬದಿಯಲ್ಲಿ ಶಾಲೆಯ ಠಸ್ಸೆ 1979ರದು, ಮಗು ಹುಟ್ಟಿದ್ದು 1974ರಲ್ಲಿ, ಐದು ವರ್ಷಕ್ಕೆ ಶಾಲೆಗೆ ಸೇರಿಸುವಾಗ ಹೆಸರು ಸರಿಮಾಡಿಸಿದ್ದಾರೆ, ಮೇ ತಿಂಗಳಲ್ಲಿ ತಿದ್ದುಪಡಿ, ಜೂನಿನಲ್ಲಿ ಶಾಲೆ, ಎಲ್ಲಾ ಕೂಡಿಬಂತು! 1979 ಎಂದು ಬರೆದೂಬಿಟ್ಟಿದ್ದೆ. ಆಮೇಲೆ ಮನಸ್ಸು ತಡೆಯಿತು. ಇದು ನಾನು ಓದಿದ್ದೋ, ಊಹಿಸಿದ್ದೋ? ಊಹಿಸಿದ್ದು ಅನುವಾದವಲ್ಲ. ಅಳಿಸಿ '6 ಅಥವಾ 9' ಎಂದು ಹಾಕಿದೆ.

ಹಾಗೆ ಹಾಕಿದ ಮೇಲೂ ಸುಮ್ಮನೆ ಕೂರಬೇಕಾಗಿಲ್ಲ, ಹೋಲಿಸಿ ನೋಡಲು ಒಂದು ದಾರಿಯಿದೆ. ಅದೇ ತಾರೀಖಿನಲ್ಲಿ ೧೯೭ ಎಂಬಲ್ಲಿ ಒಂದು ೯ ಮೊಹರಿನ ಹೊರಗೆ, ಸ್ಪಷ್ಟವಾಗಿ ಇತ್ತು. ಬರೆದ ಕೈ ಒಂದೇ. ಆ ೯ರ ಜೊತೆ ಮುಚ್ಚಿದ ಅಂಕಿಯನ್ನು ಹೋಲಿಸಬಹುದು. ಪ್ರಮಾಣಪತ್ರದ ಒಡಲಿನ ಅಂಕಿಗಳ ಜೊತೆ ಹೋಲಿಸಬಾರದು, ಅದು 1974ರಲ್ಲಿ ಬೇರೆ ಕೈ ಬರೆದದ್ದು. ಜಯಕ್ಕನ ಮನೆಗೆ ಹೋಗಿ, ಮೂಲ ಹಾಳೆಯನ್ನೇ ಕಿಟಕಿಯ ಬಳಿ ಹಿಡಿದು, ಭೂತಗನ್ನಡಿಯಲ್ಲಿ ನೋಡಿದೆ. ನೇರಳೆ ಬಳೆಯ ಕೆಳಗೆ ನೀಲಿಗಪ್ಪು ಗೆರೆ ಬೇರೆಯಾಗಿ ಕಂಡಿತು. ಪಕ್ಕದ ೯ರ ಹಾಗೆ ಅದು ಇರಲಿಲ್ಲ. ಅದು ೬. ತಿದ್ದುಪಡಿ ಆದದ್ದು 1976ರಲ್ಲಿ.

"ಹೌದಲ್ಲ," ಎಂದರು ಜಯಕ್ಕ. "ನನ್ನ ಮಗ ಹುಟ್ಟಿದ ವರ್ಷ ಅದು. ಅವನದ್ದು ಬರೆಸೋಕೆ ಹೋದಾಗ ನಮ್ಮೆಜಮಾನರು ಇವಳದ್ದನ್ನೂ ತೆಗೆದು ನೋಡಿದ್ರಂತೆ. ಎರಡು ಮಕ್ಕಳಿಗೆ ಎರಡು ತಾಯಿ ಆಗ್ತಾರಲ್ಲಾ ಅಂತ ಸರಿ ಮಾಡಿಸ್ಕೊಂಡು ಬಂದ್ರು."

ನನ್ನ ಚೆಂದದ ಕತೆ ಅಲ್ಲಿಗೆ ಮುಗಿಯಿತು. ಮೇ, ಜೂನ್, ಶಾಲೆ ಎಲ್ಲವೂ ಹೊಂದಿಕೊಂಡಿದ್ದು ಬರೀ ಕಾಕತಾಳೀಯ. ಷರಾದಲ್ಲಿ 'ಮೂಲವನ್ನು ನೋಡಿದಂತೆ 1976' ಎಂದು ತಿದ್ದಿದೆ. ಜಯಕ್ಕ ಹೇಳಿದ ಮಾತನ್ನು ಮಾತ್ರ ಸೇರಿಸಲಿಲ್ಲ. ಅದು ಅವರ ನೆನಪು, ಹಾಳೆಯ ಮೇಲಿಲ್ಲ. ಅದಕ್ಕೆ ಜಾಗ ಅವರ ಅಫಿಡವಿಟ್ಟಿನಲ್ಲಿ.

ಜಯಕ್ಕನಿಗೆ ನನ್ನ ಅನುವಾದ ಮೆಚ್ಚುಗೆಯಾಗಲಿಲ್ಲ ಎಂಬುದನ್ನೂ ಹೇಳಬೇಕು. "ಅಲ್ಲಾ ಕಣೇ, ಗೀಟು ಹೊಡೆದದ್ದನ್ನೂ ಬರೀತಾರೇನೇ? ಹೊಡೆದು ಹಾಕಿದ್ದೇ ಬೇಡ ಅಂತ ಅಲ್ವಾ? ನೋಡಿದವರು ಏನೋ ಮೋಸ ಅಂದ್ಕೊಳಲ್ವಾ?" ಎಂದರು. ಈ ಭಯ ಅವರೊಬ್ಬರದಲ್ಲ. ನನ್ನ ಬಳಿ ಬರುವ ಹೆಂಗಸರಲ್ಲಿ ಬಹಳ ಮಂದಿ, ಅಂಚಿನಲ್ಲಿರುವುದನ್ನು ಬಿಟ್ಟುಬಿಡಿ ಎಂದೇ ಕೇಳುತ್ತಾರೆ. ಚಿತ್ತು ಎಂದರೆ ಕಳಂಕ ಎಂದು ಶಾಲೆಯ ಕಾಪಿ ಪುಸ್ತಕದಿಂದಲೇ ನಮಗೆ ಕಲಿಸಿದ್ದಾರೆ. ನಾನು ಕೇಳಿದೆ: "ಜಯಕ್ಕ, ನಿಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಏನು ಹೆಸರಿದೆ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಜಯಮ್ಮ," ಎಂದರು.

ಅವರು ಹುಟ್ಟಿದ್ದು ಹಳ್ಳಿಯಲ್ಲಿ, ಜನನ ಬರೆಸಿದವರಿಲ್ಲ. ಹುಟ್ಟಿದ ತಾರೀಖಿಗೆ ಆಧಾರವೆಂದು ಅವರ ಬಳಿ ಇರುವುದು ಆ ಅಂಕಪಟ್ಟಿ ಒಂದೇ. ಅದರಲ್ಲಿ ಅವರು ಜಯಮ್ಮ. ಮದುವೆಯಾಗಿ ಬಂದ ಮನೆಯಲ್ಲಿ ಅತ್ತೆಯ ಹೆಸರೂ ಜಯಮ್ಮ. ಒಂದು ಮನೆಯಲ್ಲಿ ಇಬ್ಬರು ಜಯಮ್ಮಂದಿರು ಹೇಗೆ ಎಂದು ಸೊಸೆಯನ್ನು ಜಯಲಕ್ಷ್ಮಿ ಮಾಡಿದರು. ಮೊದಲ ಹೆರಿಗೆ ತವರಿನಲ್ಲಿ. ಮಗು ಹುಟ್ಟಿದ್ದನ್ನು ಬರೆಸಿದವರು ಅವರ ತಂದೆ. ತಂದೆಗೆ ಮಗಳು ಜಯಮ್ಮನೇ, ಹಾಗೇ ಹೇಳಿದರು. ಎರಡು ವರ್ಷದ ಮೇಲೆ ಗಂಡ ಹೋಗಿ ಜಯಲಕ್ಷ್ಮಿ ಮಾಡಿಸಿದರು. ಪಾಸ್‌ಪೋರ್ಟು, ಆಧಾರ್, ಬ್ಯಾಂಕು ಎಲ್ಲೆಲ್ಲೂ ಈಗ ಜಯಲಕ್ಷ್ಮಿ. ಅಂಕಪಟ್ಟಿಯ ಜಯಮ್ಮನೂ ಪಾಸ್‌ಪೋರ್ಟಿನ ಜಯಲಕ್ಷ್ಮಿಯೂ ಒಬ್ಬಳೇ ಎಂದು ತೋರಿಸುವ, ಆ ಕಾಲದಲ್ಲೇ ಕಚೇರಿಯೊಂದು ಸಹಿ ಹಾಕಿ ಮೊಹರು ಒತ್ತಿದ ಕಾಗದ ಇಡೀ ಮನೆಯಲ್ಲಿ ಇದೊಂದೇ. ಎರಡು ಹೆಸರೂ ಒಂದೇ ಕಲಮಿನಲ್ಲಿ, ಒಂದರ ಮೇಲೊಂದು ಇರುವುದು ಇಲ್ಲಿ ಮಾತ್ರ. ಮೊದಲ ಅನುವಾದ ಶುಭ್ರವಾಗಿ ಒರೆಸಿಹಾಕಿದ್ದು ಈ ಕೊಂಡಿಯನ್ನೇ.

ಇಷ್ಟಾದ ಮೇಲೂ ನನ್ನ ವಿಧಾನದ ಮಿತಿಯನ್ನು ಹೇಳದಿದ್ದರೆ ವಿಮರ್ಶೆ ಪಕ್ಷಪಾತವಾಗುತ್ತದೆ. ಷರಾ ಬರೆಯುವ ಅಧಿಕಾರ ತೀರ್ಪು ಕೊಡುವ ಅಧಿಕಾರವಲ್ಲ. 'ತಿದ್ದುಪಡಿ ಕ್ರಮಬದ್ಧವಾಗಿದೆ' ಎಂದು ನಾನು ಬರೆಯುವಂತಿಲ್ಲ, 'ಅನುಮಾನಾಸ್ಪದ' ಎಂದೂ ಬರೆಯುವಂತಿಲ್ಲ. ಸಹಿ ಯಾರದಿರಬಹುದು ಎಂದು ಊಹಿಸುವಂತಿಲ್ಲ. ಮೂಡದ ಮೊಹರಿನ ಕಾಲುಭಾಗವನ್ನು, ಬುಡದ ಮೊಹರಿನಲ್ಲಿ ಪೂರ್ತಿಯಿದೆಯಲ್ಲ ಎಂದು ಅಲ್ಲಿಂದ ತಂದು ತುಂಬುವಂತಿಲ್ಲ. 'ಅದೇ ರೀತಿಯದು' ಎನ್ನುವುದರ ಆಚೆ ಹೋದರೆ ಅದು ನನ್ನ ಸಾಕ್ಷ್ಯವಾಗುತ್ತದೆ. ಮೊಹರಿನಲ್ಲಿ ಹಳೆಯ ಇಂಗ್ಲಿಷ್ ಕಾಗುಣಿತದಲ್ಲಿ ಮೈಸೋರ್ ಎಂದಿದ್ದರೆ, 2014ರ ನವೆಂಬರಿನಿಂದ ಇಂಗ್ಲಿಷಿನಲ್ಲೂ ಮೈಸೂರು ಎಂದೇ ಬರೆಯುವುದಾಗಿದೆ ಎಂದು ಅದನ್ನು ಸರಿಮಾಡುವಂತಿಲ್ಲ. ಮೊಹರನ್ನು ಇದ್ದಂತೆ ಕೊಡಬೇಕು.

ಹಾಗೆಂದು ಕಂಡದ್ದನ್ನೆಲ್ಲ ಷರಾ ಮಾಡಿದರೂ ಕೆಟ್ಟಿತು. ಮಡಿಕೆಯ ಗೆರೆ, ಹಳದಿ ಬಣ್ಣ, ಜೆರಾಕ್ಸಿನವನು ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದ ಪ್ರತಿಗಳ ಲೆಕ್ಕ, ಇವನ್ನೆಲ್ಲ ಸೇರಿಸಿ ಇಪ್ಪತ್ತು ಷರಾ ಬರೆದರೆ ಮೂರನೆಯ ಷರಾ ಅದರಲ್ಲಿ ಮುಳುಗಿಹೋಗುತ್ತದೆ. ನಾನು ಕೇಳಿಕೊಳ್ಳುವ ಪ್ರಶ್ನೆ ಎರಡೇ. ಇದನ್ನು ಯಾರಾದರೂ ಏನನ್ನಾದರೂ ಹೇಳಲೆಂದು ಈ ಕಾಗದದ ಮೇಲೆ ಇಟ್ಟರೇ? ಇಲ್ಲದಿದ್ದರೆ, ಇದು ಬೇರೆ ಅಕ್ಷರವನ್ನು ಮುಚ್ಚಿದೆಯೇ? ಎರಡಕ್ಕೂ ಇಲ್ಲ ಎಂದರೆ ಬಿಡಬಹುದು. ಕಾಫಿಯ ಕಲೆ ಅಂಚಿನಲ್ಲಿದ್ದರೆ ಅದು ಬರಿಯ ಕಲೆ. ಹುಟ್ಟಿದ ತಾರೀಖಿನ ಮೇಲೆ ಬಿದ್ದರೆ ಅದಕ್ಕೂ ಷರಾ ಬೇಕು. ಪೆನ್ಸಿಲಿನ ಲೆಕ್ಕವನ್ನು ನಾನು ಬಿಡುವುದಿಲ್ಲ, ಆದರೆ 'ಪೆನ್ಸಿಲಿನಲ್ಲಿ ಸಹಿಯಿಲ್ಲದ ಗುರುತು' ಎಂದು ಕೊನೆಯಲ್ಲಿ ಒಂದು ಸಾಲಿನಲ್ಲಿ ಮುಗಿಸುತ್ತೇನೆ.

ನಿಮ್ಮಲ್ಲಿ ಯಾರಾದರೂ ಇಂಥ ಅನುವಾದ ಮಾಡಿಸಿದ್ದರೆ ಮನೆಯಲ್ಲೇ ಕುಳಿತು ಪರೀಕ್ಷೆ ಮಾಡಬಹುದು. ಇಂಗ್ಲಿಷ್ ಪೂರ್ತಿ ಬರಬೇಕೆಂದಿಲ್ಲ. ಮೂಲದಲ್ಲಿ ಎಷ್ಟು ಮೊಹರಿದೆ, ಎಷ್ಟು ಕಡೆ ಗೀಟಿದೆ, ಅಂಚಿನಲ್ಲಿ ಎಷ್ಟು ಬರಹವಿದೆ, ಬೆನ್ನಿನಲ್ಲಿ ಏನಿದೆ ಎಂದು ಬೆರಳಿನಲ್ಲಿ ಎಣಿಸಿ. ಅನುವಾದದಲ್ಲಿ ಅಷ್ಟೇ ಷರಾಗಳು ಇವೆಯೇ ನೋಡಿ. ಲೆಕ್ಕ ತಪ್ಪಿದ್ದರೆ ಯಾವುದೋ ಒಂದು ಬಿಟ್ಟುಹೋಗಿದೆ, ಇಲ್ಲವೇ ಯಾವುದರೊಳಗೋ ಬೆರೆತುಹೋಗಿದೆ. ಮೂಲ ಮುದುಡಿ ಚಿತ್ತಾಗಿದ್ದು ಅನುವಾದ ಮಾತ್ರ ಮದುವೆ ಕಾಗದದ ಹಾಗೆ ಹೊಳೆಯುತ್ತಿದ್ದರೆ ಆಗಲೇ ಅನುಮಾನ ಪಡಬೇಕು.

ಅನುವಾದಕ್ಕೆ ಸಹಿ ಹಾಕಿ ಜಯಕ್ಕನ ಕೈಗೆ ಕೊಟ್ಟಾಗ ಅವರು ಕನ್ನಡಕ ಹಾಕಿಕೊಂಡು ಎರಡನೆಯ ಷರಾದ ಮೇಲೆ ಬೆರಳಿಟ್ಟರು. ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ, ಗೀಟು ಎಳೆದ ಆ ಹೆಸರನ್ನು ಗಟ್ಟಿಯಾಗಿ ಓದಿದರು. ಅವರನ್ನು ಹಾಗೆ ಕರೆಯುವವರು ಈಗ ಯಾರೂ ಉಳಿದಿಲ್ಲ. "ನಮ್ಮಪ್ಪ ಬರೆಸಿದ್ದು," ಎಂದರು. ಹಾಳೆಯನ್ನು ಮಡಿಸದೆ, ಹಾಗೇ ಫೈಲಿನಲ್ಲಿಟ್ಟುಕೊಂಡು ಹೋದರು.